ಅಂಕವೋ, ಹಣೆಪಟ್ಟಿಯೋ, ಬರೀ ಹೌದು–ಇಲ್ಲವೋ?

‘ನಿನ್ನೆನೇ ಮೇಲ್ ಹಾಕಿದ್ದೆ, ನೋಡ್ಲಿಲ್ವಾ ಸಾರ್?’ ‘ಬಂದೇ ಇಲ್ವಲ್ರೀ.’ ‘ಒಂದ್ಸಲ ಸ್ಪ್ಯಾಮ್‌ನಲ್ಲಿ ನೋಡಿ.’ ಕಚೇರಿಗಳಲ್ಲಿ ದಿನ ಬೆಳಗಾದರೆ ಕೇಳುವ ಮಾತಿದು. ಆ ಪತ್ರವನ್ನು ಸ್ಪ್ಯಾಮ್ ಪೆಟ್ಟಿಗೆಗೆ ತಳ್ಳಿದವರು ಯಾರೆಂದು ಯಾರೂ ಕೇಳುವುದಿಲ್ಲ. ತಳ್ಳಿದ್ದು ಸರ್ವರಿನಲ್ಲಿ ಕೂತ ಒಂದು ತಂತ್ರಾಂಶ. ಅದು ಸುಮ್ಮನೆ ತಳ್ಳಿರುವುದಿಲ್ಲ, ಪತ್ರವನ್ನು ಓದಿ, ತೂಗಿ, ತೀರ್ಪು ಬರೆದು ತಳ್ಳಿರುತ್ತದೆ. ಮೇಲ್ ತೆರೆದಾಗ ನಮಗೆ ಕಾಣದ ತಲೆಬರಹದ ಸಾಲುಗಳಲ್ಲಿ ಆ ತೀರ್ಪು ಹೀಗೆ ಕೂತಿರುತ್ತದೆ:

```
X-Spam-Status: Yes, score=5.3 required=5.0
```

ಇದು ಸ್ಪ್ಯಾಮ್ ಅಸ್ಯಾಸಿನ್ ಎಂಬ ತಂತ್ರಾಂಶ ಬರೆಯುವ ಸಾಲು. 2001ರಲ್ಲಿ ಜಸ್ಟಿನ್ ಮೇಸನ್ ಹೊರತಂದ, ಈಗ ಅಪಾಚಿ ಸಾಫ್ಟ್‌ವೇರ್ ಫೌಂಡೇಶನ್ ಆಶ್ರಯದಲ್ಲಿರುವ ಈ ತಂತ್ರಾಂಶವನ್ನು ಜಗತ್ತಿನಾದ್ಯಂತ ಮೇಲ್ ಸರ್ವರುಗಳು ಬಳಸುತ್ತ ಬಂದಿವೆ. ಸಾಲು ಚಿಕ್ಕದು. ಆದರೆ ಅದರೊಳಗೆ ಸ್ಪ್ಯಾಮ್ ಹೌದೋ ಅಲ್ಲವೋ ಎಂಬ ಉತ್ತರವೂ ಇದೆ, ಎಷ್ಟು ಎಂಬ ಅಂಕವೂ ಇದೆ. ಎಸೆಸೆಲ್ಸಿ ಅಂಕಪಟ್ಟಿ ನೋಡಿದವರಿಗೆ ಇದು ಹೊಸತಲ್ಲ: 625ಕ್ಕೆ ಎಷ್ಟು ಬಂತು, ಯಾವ ದರ್ಜೆ, ಪಾಸೋ ಫೇಲೋ ಎಂಬ ಮೂರೂ ಒಂದೇ ಹಾಳೆಯಲ್ಲಿರುತ್ತವೆ. ಒಂದು ಅಂಕ, ಒಂದು ಹಣೆಪಟ್ಟಿ, ಒಂದು ಹೌದು–ಇಲ್ಲ. ಈ ಮೂರನೆಯದನ್ನು ಕಂಪ್ಯೂಟರಿನವರು ಬೂಲಿಯನ್ ಅನ್ನುತ್ತಾರೆ.

ತೀರ್ಪು ಕೊಡುವ ಯಾವ ವ್ಯವಸ್ಥೆ ಕಟ್ಟುವಾಗಲೂ ಪ್ರಶ್ನೆ ಬರುವುದು ಇಲ್ಲೇ. ಮೂರನ್ನೂ ಬರೆದಿಡಬಹುದು ಸರಿ, ಆದರೆ ಮುಖ್ಯ ಕಾಲಂ ಯಾವುದು? ಮುಂದಿನ ಕೆಲಸ ಯಾವುದನ್ನು ನೋಡಿ ನಡೆಯಬೇಕು? ಸ್ಪ್ಯಾಮ್ ಜರಡಿಗಳ ಲೋಕ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಈ ಪ್ರಶ್ನೆಯ ಜೊತೆ ಗುದ್ದಾಡಿದೆ. ಹಾಗಾಗಿ ಅಲ್ಲೇ ನೋಡುವುದು ಒಳ್ಳೆಯದು.

ಮೊದಲು ಅಂಕ. ಸ್ಪ್ಯಾಮ್ ಅಸ್ಯಾಸಿನ್ ಬಳಿ ನೂರಾರು ನಿಯಮಗಳಿವೆ. ವಿಷಯದ ಸಾಲು ಪೂರ್ತಿ ದೊಡ್ಡಕ್ಷರದಲ್ಲಿದೆಯೇ, ಪತ್ರದಲ್ಲಿ ತಾರೀಖೇ ಇಲ್ಲವೇ, ಕಳಿಸಿದ ಯಂತ್ರದ ವಿಳಾಸ ಕುಖ್ಯಾತರ ಪಟ್ಟಿಯಲ್ಲಿದೆಯೇ – ಹೀಗೆ. ಒಂದೊಂದು ನಿಯಮಕ್ಕೂ ಒಂದು ಅಂಕ ಇರುತ್ತದೆ. ಅನುಮಾನ ಹುಟ್ಟಿಸುವ ಲಕ್ಷಣಕ್ಕೆ ಕೂಡುವ ಅಂಕ, ಭರವಸೆ ಕೊಡುವ ಲಕ್ಷಣಕ್ಕೆ ಕಳೆಯುವ ಅಂಕ. ಎಲ್ಲ ಸೇರಿ 5.0 ಮುಟ್ಟಿದರೆ ಅದು ಸ್ಪ್ಯಾಮ್. ಈ 5.0 ತಂತ್ರಾಂಶದ ಜೊತೆಗೇ ಬರುವ ಗಡಿ, ಸರ್ವರ್ ನೋಡಿಕೊಳ್ಳುವವರು ಬೇಕಾದರೆ ಬದಲಾಯಿಸಿಕೊಳ್ಳಬಹುದು.

ಇಲ್ಲಿ ಜನ ಸಾಮಾನ್ಯವಾಗಿ ತಪ್ಪು ತಿಳಿಯುವ ಒಂದು ವಿಷಯವಿದೆ. ಅಂಕ 10 ಬಂದ ಪತ್ರ 5 ಬಂದ ಪತ್ರಕ್ಕಿಂತ ಎರಡು ಪಟ್ಟು ಕೆಟ್ಟದ್ದೇನಲ್ಲ. ಇದು ಶೇಕಡಾವಾರು ಸಂಭವವೂ ಅಲ್ಲ. ಲಕ್ಷಣಗಳ ಮೊತ್ತ, ಅಷ್ಟೇ. 4.9 ಬಂದ ಪತ್ರಕ್ಕೂ 5.0 ಬಂದ ಪತ್ರಕ್ಕೂ ಓದುವವರ ಕಣ್ಣಿಗೆ ಏನೂ ವ್ಯತ್ಯಾಸವಿರುವುದಿಲ್ಲ, ಆದರೆ ಒಂದು ಇನ್‌ಬಾಕ್ಸಿಗೆ ಹೋಗುತ್ತದೆ, ಇನ್ನೊಂದು ಕತ್ತಲ ಕೋಣೆಗೆ. ದಶಾಂಶ ಬಿಂದು ಕಂಡರೆ ಸಾಕು, ಅಳತೆ ಬಹಳ ನಿಖರ ಎಂಬ ಭ್ರಮೆ ನಮಗೆ ಬಂದುಬಿಡುತ್ತದೆ.

ಹಾಗಿದ್ದರೆ ಅಂಕ ಯಾಕೆ ಬೇಕು? 2010ರ ಜನವರಿ 1ರಂದು ಏನಾಯಿತು ನೋಡಿ. ಸ್ಪ್ಯಾಮ್ ಕಳಿಸುವವರು ತಮ್ಮ ಪತ್ರ ಪಟ್ಟಿಯ ತುದಿಯಲ್ಲೇ ಕೂರಲಿ ಎಂದು ಭವಿಷ್ಯದ ತಾರೀಖು ಹಾಕುವುದುಂಟು. ಅದನ್ನು ಹಿಡಿಯಲು `FH_DATE_PAST_20XX` ಎಂಬ ನಿಯಮವಿತ್ತು. ಬಹಳ ಮುಂದಿನ ವರ್ಷ ಎಂದರೆ ಯಾವುದು ಎಂಬುದನ್ನು ಅದರಲ್ಲಿ ಹೀಗೆ ಬರೆದಿದ್ದರು:

```
20[1-9][0-9]
```

ಅಂದರೆ 2010ರಿಂದ 2099ರವರೆಗಿನ ಯಾವ ವರ್ಷವಾದರೂ ಸರಿ. ನಿಯಮ ಬರೆದಾಗ 2010 ದೂರವಿತ್ತು. ಹೊಸ ವರ್ಷದ ದಿನ ಗಂಟೆ ಹನ್ನೆರಡು ಹೊಡೆದ ಮೇಲೆ ಬಂದ ಪ್ರತಿಯೊಂದು ಪತ್ರವೂ ಈ ನಿಯಮಕ್ಕೆ ಸಿಕ್ಕಿಬಿತ್ತು. ಶುಭಾಶಯ, ಬಿಲ್ಲು, ಕಚೇರಿಯ ಸುತ್ತೋಲೆ – ಒಂದನ್ನೂ ಬಿಡಲಿಲ್ಲ. ಸರ್ವರನ್ನು ಹೇಗೆ ಅಳವಡಿಸಿಕೊಂಡಿದ್ದಾರೆ ಎನ್ನುವುದರ ಮೇಲೆ ಈ ಒಂದೇ ನಿಯಮ ಸುಮಾರು 2ರಿಂದ 3.5ರಷ್ಟು ಅಂಕ ಕೂಡಿಸುತ್ತಿತ್ತು. 5.0ರ ಗಡಿಯಲ್ಲಿ ಇದು ಸಣ್ಣ ಮೊತ್ತವಲ್ಲ.

ಒಂದು ಪತ್ರವನ್ನು ಕೈಗೆತ್ತಿಕೊಂಡು ಲೆಕ್ಕ ಹಾಕೋಣ. ಯಾವುದೋ ಗುಮಾಸ್ತರು ವಿಷಯದ ಸಾಲನ್ನು ದೊಡ್ಡಕ್ಷರದಲ್ಲೇ ಟೈಪಿಸಿ ಕಳಿಸಿದ ಬಾಕಿ ಪಾವತಿಯ ನೋಟಿಸು ಎಂದಿಟ್ಟುಕೊಳ್ಳಿ. ದೊಡ್ಡಕ್ಷರಕ್ಕೂ ಬೇರೆ ಚಿಲ್ಲರೆ ಲಕ್ಷಣಗಳಿಗೂ ಸೇರಿ 1.9 ಅಂಕ. ಡಿಸೆಂಬರ್ 31ರಂದು ಇದು ಆರಾಮಾಗಿ ಇನ್‌ಬಾಕ್ಸಿಗೆ ಹೋಗುತ್ತಿತ್ತು. ಜನವರಿ 1ರಂದು ತಾರೀಖಿನ ನಿಯಮದ 3.4 ಸೇರಿತು, ಮೊತ್ತ 5.3 ಆಯಿತು, ಪತ್ರ ಸ್ಪ್ಯಾಮ್ ಆಯಿತು. ತಲೆಬರಹ ಹೀಗೆ:

```
X-Spam-Status: Yes, score=5.3 required=5.0
    tests=FH_DATE_PAST_20XX,HTML_MESSAGE,SUBJ_ALL_CAPS
```

ಸರ್ವರ್ ನೋಡಿಕೊಳ್ಳುವವರ ಕಣ್ಣಿನಿಂದ ಇದನ್ನು ಓದಿ. ಏನೋ ಎಡವಟ್ಟಾಗಿದೆ ಎಂಬುದು ಮೊದಲ ದೂರು ಬಂದಾಗಲೇ ಗೊತ್ತಾಗುತ್ತದೆ. ಎಲ್ಲಿ ಎಂದು ಹುಡುಕಲು ನಾಲ್ಕಾರು ಪತ್ರಗಳ ತಲೆಬರಹ ತೆರೆದರೆ ಸಾಕು, ಒಂದೇ ಹೆಸರು ಎಲ್ಲದರಲ್ಲೂ ಕಾಣುತ್ತದೆ. ಸರಿಪಡಿಸುವುದು ಒಂದೇ ಸಾಲಿನ ಕೆಲಸವಾಗಿತ್ತು:

```
score FH_DATE_PAST_20XX 0
```

ಆ ನಿಯಮದ ಅಂಕ ಸೊನ್ನೆ, ಮುಗಿಯಿತು. ತಂತ್ರಾಂಶದವರೂ ಬೇಗನೆ ತಿದ್ದಿದ ನಿಯಮವನ್ನು ಹೊರಬಿಟ್ಟರು. ಆದರೆ ಅಷ್ಟು ಹೊತ್ತಿಗೆ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿದ್ದ ಪತ್ರಗಳ ಗತಿ? ಅಂಕದ ನಿಜವಾದ ಬೆಲೆ ಇಲ್ಲೇ ಗೊತ್ತಾಗುವುದು. ಆ ನಿಯಮದ ಹೆಸರಿರುವ ಪತ್ರಗಳನ್ನು ಆರಿಸಿ, ಅಂಕದಿಂದ 3.4 ಕಳೆಯಿರಿ. ನಮ್ಮ ನೋಟಿಸು 1.9ಕ್ಕೆ ಇಳಿಯುತ್ತದೆ, ಅದನ್ನು ಇನ್‌ಬಾಕ್ಸಿಗೆ ವಾಪಸು ಕಳಿಸಬಹುದು. ಲಾಟರಿ ಗೆದ್ದಿದ್ದೀರಿ ಎನ್ನುವ ಇನ್ನೊಂದು ಪತ್ರಕ್ಕೆ 14.2 ಬಂದಿತ್ತು ಅನ್ನಿ. 3.4 ಕಳೆದರೂ 10.8 ಉಳಿಯಿತು, ಅದು ಬಿದ್ದಲ್ಲೇ ಇರಲಿ. ತೀರ್ಪಿನ ಕಾಲಂನಲ್ಲಿ ಬರೀ `Yes` ಎಂದಷ್ಟೇ ಬರೆದಿದ್ದರೆ ಈ ಎರಡು ಪತ್ರಗಳನ್ನು ಬೇರೆ ಮಾಡುವ ದಾರಿಯೇ ಇರುತ್ತಿರಲಿಲ್ಲ. ಒಂದೊಂದನ್ನೂ ಕೂತು ಓದಬೇಕಾಗುತ್ತಿತ್ತು.

ಹಾಗೆಂದು ಅಂಕವನ್ನೇ ಮುಖ್ಯ ತೀರ್ಪು ಮಾಡಿಬಿಡೋಣ ಅಂದುಕೊಂಡರೆ ಬೇರೆ ತೊಡಕಿದೆ. ಬರೀ 5.3 ಎಂದರೆ ಏನೂ ತಿಳಿಯುವುದಿಲ್ಲ. ಸ್ಪ್ಯಾಮ್ ಅಸ್ಯಾಸಿನ್‌ನಲ್ಲಿ 5.3 ಬಂದರೆ ಪತ್ರ ಸ್ಪ್ಯಾಮ್. ಆರ್‌ಸ್ಪ್ಯಾಮ್‌ಡಿ ಎಂಬ ಇನ್ನೊಂದು ಹೆಸರಾಂತ ಜರಡಿಯಲ್ಲಿ 5.3 ಬಂದರೆ ಪತ್ರವನ್ನು ಸ್ವಲ್ಪ ಹೊತ್ತು ಬಾಗಿಲಲ್ಲಿ ಕಾಯಿಸುತ್ತಾರೆ, ಅಷ್ಟೇ. ಒಂದೇ ತಂತ್ರಾಂಶದಲ್ಲೂ ಆವೃತ್ತಿಯಿಂದ ಆವೃತ್ತಿಗೆ ನಿಯಮಗಳ ಅಂಕ ಬದಲಾಗುತ್ತದೆ, ಹೋದ ವರ್ಷದ 4.7ಕ್ಕೂ ಈ ವರ್ಷದ 4.7ಕ್ಕೂ ಅರ್ಥ ಒಂದೇ ಇರಬೇಕಿಲ್ಲ. ಸ್ಪ್ಯಾಮ್ ಅಸ್ಯಾಸಿನ್ ಬರೆದವರು `score` ಪಕ್ಕದಲ್ಲೇ `required` ಕೂಡ ಬರೆಯುವುದು ಇದಕ್ಕೇ. ಆ ದಿನ ಗಡಿ ಎಷ್ಟಿತ್ತು ಎಂಬುದು ಪತ್ರದ ಜೊತೆಯಲ್ಲೇ ಪ್ರಯಾಣ ಮಾಡುತ್ತದೆ. ಅಂಕ ಬರೆದು ಗಡಿ ಬರೆಯದ ದಾಖಲೆಗಳನ್ನು ಕಂಡಾಗೆಲ್ಲ ನನಗೆ ಅರ್ಧ ಹರಿದ ರಸೀದಿ ನೋಡಿದಷ್ಟು ಕಿರಿಕಿರಿಯಾಗುತ್ತದೆ.

ಇನ್ನೊಂದು ತಮಾಷೆ ಇದೆ. ಎಷ್ಟೋ ಮೇಲ್ ತಂತ್ರಾಂಶಗಳ ಫಿಲ್ಟರಿಗೆ ಅಕ್ಷರ ಹುಡುಕುವುದು ಗೊತ್ತಿತ್ತೇ ಹೊರತು, 5.3 ದೊಡ್ಡದೋ 12 ದೊಡ್ಡದೋ ಎಂದು ಹೋಲಿಸುವುದು ಗೊತ್ತಿರಲಿಲ್ಲ. ಅದಕ್ಕೆ ಸ್ಪ್ಯಾಮ್ ಅಸ್ಯಾಸಿನ್ ಇನ್ನೊಂದು ಸಾಲು ಸೇರಿಸಿತು. ಅಂಕ ಎಷ್ಟೋ ಅಷ್ಟು ನಕ್ಷತ್ರ:

```
X-Spam-Level: *****
```

ಹತ್ತು ನಕ್ಷತ್ರ ಕಂಡರೆ ಅಳಿಸು ಎಂದು ಫಿಲ್ಟರಿಗೆ ಹೇಳಿದರೆ ಮುಗಿಯಿತು. ಹನ್ನೆರಡು ನಕ್ಷತ್ರದೊಳಗೆ ಹತ್ತು ಹೇಗೂ ಇರುತ್ತವಲ್ಲ! ತೀರ್ಪನ್ನು ಯಾರು ಓದುತ್ತಾರೆ, ಅವರ ಕೈಲಿ ಏನು ಸಾಧ್ಯ ಎಂಬುದನ್ನು ನೋಡಿ ರೂಪ ಆರಿಸಿದ್ದಕ್ಕೆ ಇದಕ್ಕಿಂತ ಜಾಣ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಹೌದು–ಇಲ್ಲ. ನೋಡಲು ಇದೇ ಅತ್ಯಂತ ಸರಳ, ಅತ್ಯಂತ ಖಚಿತ. ಕೊನೆಗೆ ಪತ್ರ ಇನ್‌ಬಾಕ್ಸಿಗೆ ಹೋಗಬೇಕು ಅಥವಾ ಹೋಗಬಾರದು, ಮೂರನೆಯದೇನಿದೆ ಎಂದು ಯಾರಿಗಾದರೂ ಅನಿಸುತ್ತದೆ. ಮೂರನೆಯದು ಇದೆ: ಪರೀಕ್ಷೆಯೇ ಆಗಿಲ್ಲ ಎಂಬುದು. ಸ್ಪ್ಯಾಮ್ ಅಸ್ಯಾಸಿನ್ ಬರೆಯುವ `X-Spam-Flag: YES` ಎಂಬ ಇನ್ನೊಂದು ಸಾಲು ಇದಕ್ಕೆ ಸಾಕ್ಷಿ. ಮಾಮೂಲಿ ಅಳವಡಿಕೆಯಲ್ಲಿ ಪತ್ರ ಸ್ಪ್ಯಾಮ್ ಆದರೆ ಮಾತ್ರ ಈ ಸಾಲು ಬರುತ್ತದೆ, ಆಗದಿದ್ದರೆ ಸಾಲೇ ಇರುವುದಿಲ್ಲ. ಹಾಗಾದರೆ ಸಾಲಿಲ್ಲ ಎಂದರೆ ಪತ್ರ ಶುದ್ಧ ಎಂದೇ? ಅಲ್ಲ. ಪತ್ರವನ್ನು ಜರಡಿಗೆ ಕೊಂಡೊಯ್ಯುವ `spamc` ಎಂಬ ಸಹಾಯಕ ತಂತ್ರಾಂಶ 500 ಕೆಬಿಗಿಂತ ದೊಡ್ಡ ಪತ್ರವನ್ನು ತಾನಾಗಿ ಪರೀಕ್ಷೆಗೆ ಕಳಿಸುವುದಿಲ್ಲ, ಹಾಗೆಯೇ ಮುಂದಕ್ಕೆ ಬಿಡುತ್ತದೆ. ಜರಡಿಯ ಸರ್ವರೇ ಕೆಟ್ಟು ಕೂತಿದ್ದರೂ ಪತ್ರ ಕಳೆಯದಿರಲಿ ಎಂದು ಮುಟ್ಟದೆ ದಾಟಿಸುತ್ತದೆ. ಎರಡೂ ವಿವೇಕದ ನಡೆಗಳೇ. ಆದರೆ ಈ ಪತ್ರಗಳೂ ಪರೀಕ್ಷೆಯಾಗಿ ಪಾಸಾದ ಪತ್ರಗಳೂ ಹೊರಗಿನಿಂದ ಒಂದೇ ಥರ ಕಾಣುತ್ತವೆ: ಎರಡರಲ್ಲೂ ಆ ಸಾಲಿಲ್ಲ.

ಹೀಗಾಗಿದೆ ಎಂದು ಕಂಡುಹಿಡಿಯುವುದು ಹೇಗೆ? ಸ್ಪ್ಯಾಮ್ ಎಣಿಕೆ ಇದ್ದಕ್ಕಿದ್ದಂತೆ ಇಳಿದರೆ ಖುಷಿಪಡುವ ಮುಂಚೆ `X-Spam-Status` ಸಾಲಿರುವ ಪತ್ರಗಳು ಒಟ್ಟು ಎಷ್ಟು ಎಂದು ಎಣಿಸಬೇಕು. ಅದೂ ಇಳಿದಿದ್ದರೆ ಸ್ಪ್ಯಾಮ್ ಕಡಿಮೆಯಾಗಿಲ್ಲ, ಪರೀಕ್ಷೆ ಕಡಿಮೆಯಾಗಿದೆ. ಬೂಲಿಯನ್ ಕಾಲಂ ಒಂದನ್ನೇ ನೋಡುತ್ತ ಕೂತವರಿಗೆ ಇದು ಎಂದೂ ಕಾಣುವುದಿಲ್ಲ.

ಇಲ್ಲಿ ತಾಂತ್ರಿಕವಾದ ಒಂದು ಸಣ್ಣ ಗುಂಡಿಯೂ ಇದೆ. ಹೌದು–ಇಲ್ಲ ಎಂಬುದನ್ನು ಅಕ್ಷರದಲ್ಲಿ ಬರೆದು ಬೂಲಿಯನ್ ಎಂದು ಓದಿದರೆ ಪೈಥಾನ್ ಭಾಷೆ ಹೀಗೆ ಉತ್ತರಿಸುತ್ತದೆ:

```
>>> bool("No")
True
```

ಖಾಲಿಯಲ್ಲದ ಯಾವ ಪದವೂ ಅದರ ಲೆಕ್ಕದಲ್ಲಿ ಸತ್ಯವೇ. ಆದ್ದರಿಂದ ಬೂಲಿಯನ್ ಇಡುವುದಾದರೆ ಅದನ್ನು ನಿಜವಾದ ಬೂಲಿಯನ್ ಆಗಿಯೇ ಇಡಬೇಕು.

ಉಳಿದದ್ದು ಹಣೆಪಟ್ಟಿ. ಆರ್‌ಸ್ಪ್ಯಾಮ್‌ಡಿ ತನ್ನ ತೀರ್ಪನ್ನು ಕೊಡುವುದು ಹೀಗೆ. ಉತ್ತರದಲ್ಲಿ ಇನ್ನೂ ಸಾಲುಗಳಿರುತ್ತವೆ, ನಮಗೆ ಬೇಕಾದದ್ದಿಷ್ಟು:

```
{
  "is_skipped": false,
  "score": 5.3,
  "required_score": 15,
  "action": "greylist"
}
```

`action` ಎಂಬ ಕಾಲಂ ನೋಡಿ. ಪತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಅದು ಹೇಳುತ್ತಿಲ್ಲ, ಈಗ ಏನು ಮಾಡಬೇಕು ಎಂದು ಹೇಳುತ್ತಿದೆ. ತಾನಾಗಿ ಬರುವ ಅಳವಡಿಕೆಯಲ್ಲಿ ಅಂಕ 4 ಮುಟ್ಟಿದರೆ ‘ಗ್ರೇಲಿಸ್ಟ್’: ಈಗ ಆಗಲ್ಲ, ಆಮೇಲೆ ಬಾ ಎಂದು ಕಳಿಸಿದ ಸರ್ವರಿಗೆ ಹೇಳುವುದು. ನೆಟ್ಟಗಿನ ಸರ್ವರ್ ಕೆಲವು ನಿಮಿಷ ಬಿಟ್ಟು ಮತ್ತೆ ಬರುತ್ತದೆ, ಲಕ್ಷಗಟ್ಟಲೆ ಕಸ ತೂರುವ ಯಂತ್ರಗಳಲ್ಲಿ ಬಹಳಷ್ಟು ಮತ್ತೆ ತಲೆಹಾಕುವುದಿಲ್ಲ. 6 ಮುಟ್ಟಿದರೆ ಪತ್ರವನ್ನು ಒಳಕ್ಕೆ ಬಿಟ್ಟು, ತಲೆಬರಹದಲ್ಲಿ ಸ್ಪ್ಯಾಮ್ ಎಂದು ಗುರುತು ಹಾಕುವುದು. 15 ಮುಟ್ಟಿದರೆ ಬಾಗಿಲಲ್ಲೇ ತಿರಸ್ಕಾರ.

ಗಡಿಗಳ ನಡುವೆ ಇಷ್ಟು ಅಂತರ ಯಾಕೆಂದು ಯೋಚಿಸಿದರೆ ಇಡೀ ಪ್ರಶ್ನೆಗೇ ಉತ್ತರ ಸಿಗುತ್ತದೆ. ಒಳ್ಳೆಯ ಪತ್ರವೊಂದನ್ನು ತಪ್ಪಾಗಿ ಗ್ರೇಲಿಸ್ಟ್ ಮಾಡಿದರೆ ಆಗುವ ನಷ್ಟ ಕೆಲವು ನಿಮಿಷ. ತಪ್ಪಾಗಿ ಸ್ಪ್ಯಾಮ್ ಗುರುತು ಹಾಕಿದರೆ ಯಾರಾದರೂ ಆ ಪೆಟ್ಟಿಗೆ ತೆರೆಯುವವರೆಗೆ ಪತ್ರ ಮರೆಯಲ್ಲಿರುತ್ತದೆ. ತಪ್ಪಾಗಿ ತಿರಸ್ಕರಿಸಿದರೆ ಪಡೆಯಬೇಕಾದವರಿಗೆ ಅದು ಬಂದಿತ್ತೆಂಬುದೇ ಗೊತ್ತಾಗುವುದಿಲ್ಲ. ತಪ್ಪಿನ ಬೆಲೆ ಏರಿದ ಹಾಗೆ ಗಡಿಯೂ ಏರಿದೆ. ಒಂದೇ ಗಡಿಯ ಹೌದು–ಇಲ್ಲ ಈ ಮೂರು ಬೆಲೆಗಳನ್ನು ಒಂದೇ ತಕ್ಕಡಿಗೆ ಹಾಕಿಬಿಡುತ್ತದೆ. ಬರೀ ಅಂಕವೋ, ಗಡಿ ಹಾಕುವ ಹೊಣೆಯನ್ನು ಮುಂದಿನವರ ತಲೆಗೆ ಕಟ್ಟುತ್ತದೆ. ಮುಂದಿನವರು ಐದು ಜನರಿದ್ದರೆ ಐದು ಬೇರೆ ಬೇರೆ ಗಡಿ ಹುಟ್ಟಿಕೊಳ್ಳುತ್ತವೆ.

ಆದ್ದರಿಂದ ನನ್ನ ಪಕ್ಷ ಸ್ಪಷ್ಟ. ಮುಖ್ಯ ಕಾಲಂ ಹಣೆಪಟ್ಟಿಯೇ ಆಗಬೇಕು, ಮತ್ತು ಎಷ್ಟು ಬಗೆಯ ಮುಂದಿನ ಕೆಲಸಗಳಿವೆಯೋ ಅಷ್ಟೇ ಹಣೆಪಟ್ಟಿಗಳಿರಬೇಕು. ಎರಡು ಹಣೆಪಟ್ಟಿಗೆ ಒಂದೇ ಕೆಲಸ ಎಂದಾದರೆ ಅದರಲ್ಲಿ ಒಂದು ಹೆಚ್ಚು. ಒಂದೇ ಹಣೆಪಟ್ಟಿಯ ಪತ್ರಗಳಿಗೆ ಎರಡು ಬಗೆಯ ಉಪಚಾರ ನಡೆಯುತ್ತಿದ್ದರೆ ಒಂದು ಕಡಿಮೆ.

ಈ ಅಳತೆಗೋಲನ್ನು ಹಿಡಿದು ಎಸ್‌ಪಿಎಫ್ ಎಂಬ ಇನ್ನೊಂದು ತೀರ್ಪನ್ನು ನೋಡಬಹುದು. ನಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಇಂತಿಂಥ ಸರ್ವರುಗಳಿಗೆ ಮಾತ್ರ ಅನುಮತಿ ಎಂದು ಡೊಮೇನಿನ ಒಡೆಯರು ಇಂಟರ್ನೆಟ್ಟಿನ ವಿಳಾಸಪುಸ್ತಕವಾದ ಡಿಎನ್‌ಎಸ್‌ನಲ್ಲಿ ಪ್ರಕಟಿಸುತ್ತಾರೆ, ಪತ್ರ ಪಡೆಯುವ ಸರ್ವರ್ ಅದನ್ನು ತಾಳೆ ನೋಡುತ್ತದೆ. ಕೇಳಿದರೆ ಅನುಮತಿ ಇದೆ–ಇಲ್ಲ ಎಂಬ ಎರಡೇ ಉತ್ತರದ ಪ್ರಶ್ನೆಯಂತೆ ಕಾಣುತ್ತದೆ. ಆದರೆ 2014ರ ಆರ್‌ಎಫ್‌ಸಿ 7208 ಎಂಬ ಮಾನದಂಡ ಇದಕ್ಕೆ ಏಳು ಉತ್ತರ ಕೊಟ್ಟಿದೆ: `pass`, `fail`, `softfail`, `neutral`, `none`, `temperror`, `permerror`.

ಇಷ್ಟೊಂದು ಯಾಕೆ ಎನ್ನುವವರು `temperror` ಒಂದನ್ನೇ ನೋಡಿ. ತಾಳೆ ನೋಡಲು ಹೋದಾಗ ಡಿಎನ್‌ಎಸ್ ಉತ್ತರವನ್ನೇ ಕೊಡಲಿಲ್ಲ ಎಂದು ಇದರ ಅರ್ಥ. ಪತ್ರದ ತಪ್ಪೇನೂ ಇಲ್ಲ. ಕಟ್ಟುವವರು ಅವಸರದಲ್ಲಿ `spf_ok` ಎಂದು ಒಂದು ಬೂಲಿಯನ್ ಕಾಲಂ ಮಾಡಿಟ್ಟರೆ `pass` ಮಾತ್ರ ಸತ್ಯ, ಉಳಿದ ಆರೂ ಸುಳ್ಳು. ಡಿಎನ್‌ಎಸ್ ಹತ್ತು ನಿಮಿಷ ಮಂಕಾದರೆ ಆ ಹತ್ತು ನಿಮಿಷದ ಸಾಚಾ ಪತ್ರಗಳೆಲ್ಲ ಕಳ್ಳ ಪತ್ರಗಳ ಸಾಲಿಗೆ ಸೇರಿ ತಿರಸ್ಕೃತವಾಗುತ್ತವೆ. ಹಣೆಪಟ್ಟಿ ಇದ್ದರೆ ಆಮೇಲೆ ಬಾ ಎಂದು ಹೇಳಿ ಕಳಿಸಬಹುದು, ಪತ್ರ ಉಳಿಯುತ್ತದೆ. `permerror` ಕತೆ ಇನ್ನೊಂದು: ಒಡೆಯರು ಪ್ರಕಟಿಸಿದ ದಾಖಲೆಯೇ ತಪ್ಪಾಗಿದೆ, ಎಷ್ಟು ಸಲ ಬಂದರೂ ಅದೇ ಉತ್ತರ. ಅವರಿಗೆ ತಿಳಿಸಿ ಸರಿಪಡಿಸಬೇಕು.

ಇನ್ನು `neutral` ಮತ್ತು `none`. ಒಡೆಯರು ಹೌದು–ಅಲ್ಲ ಏನನ್ನೂ ಹೇಳಲು ಇಷ್ಟಪಟ್ಟಿಲ್ಲ ಎಂಬುದು ಮೊದಲನೆಯದು, ಏನನ್ನೂ ಪ್ರಕಟಿಸಿಯೇ ಇಲ್ಲ ಎಂಬುದು ಎರಡನೆಯದು. ಇವೆರಡನ್ನೂ ಒಂದೇ ರೀತಿ ಕಾಣಬೇಕು, ವ್ಯತ್ಯಾಸ ಮಾಹಿತಿಗಾಗಿ ಮಾತ್ರ ಎಂದು ಮಾನದಂಡವೇ ಹೇಳುತ್ತದೆ. ನನ್ನ ಲೆಕ್ಕದಲ್ಲಿ ಇದು ಒಂದು ಹೆಚ್ಚಾದ ಹಣೆಪಟ್ಟಿ. ಆ ಮಾಹಿತಿ ಪಕ್ಕದ ಕಾಲಂನಲ್ಲಿ ಕಾರಣವಾಗಿ ಕೂತಿದ್ದರೆ ಸಾಕಿತ್ತು.

ಸಂಖ್ಯೆ ಕಂಡದ್ದೆಲ್ಲ ಅಂಕವಲ್ಲ ಎಂಬುದನ್ನೂ ಮೇಲ್ ವ್ಯವಸ್ಥೆಯೇ ತೋರಿಸುತ್ತದೆ. ಸರ್ವರುಗಳು ತಮ್ಮೊಳಗೆ ಮಾತಾಡುವಾಗ 250 ಎಂದರೆ ಸರಿ, 451 ಎಂದರೆ ಸದ್ಯಕ್ಕೆ ಆಗದು, 550 ಎಂದರೆ ಆಗುವುದೇ ಇಲ್ಲ. ಇಲ್ಲಿ 550 ಎಂಬುದು 451ಕ್ಕಿಂತ 99 ಹೆಚ್ಚೇನಲ್ಲ. ಇವು ಸಂಖ್ಯೆಯ ವೇಷ ತೊಟ್ಟ ಹಣೆಪಟ್ಟಿಗಳು. ಇಂಥದ್ದರ ಸರಾಸರಿ ತೆಗೆದು ವರದಿ ಬರೆಯುವವರಿದ್ದಾರೆ, ಪಾಪ.

ಹಣೆಪಟ್ಟಿಗೂ ಅದರದೇ ಕಾಟಗಳಿವೆ. ಪಟ್ಟಿಯನ್ನು ಮೊದಲೇ ಗೊತ್ತುಮಾಡಿ ಬೀಗ ಹಾಕದಿದ್ದರೆ `spam`, `Spam`, ಹಿಂದೆ ಒಂದು ಖಾಲಿ ಜಾಗ ಸೇರಿದ `spam ` – ಮೂರೂ ಬೇರೆ ಬೇರೆ ಎಂದು ಎಣಿಕೆಯಾಗುತ್ತವೆ. ನಾಳೆ ಹೊಸ ಹಣೆಪಟ್ಟಿ ಸೇರಿಸಿದರೆ ಹಳೆಯ ತಂತ್ರಾಂಶಕ್ಕೆ ಅದರ ಗುರುತೇ ಇರುವುದಿಲ್ಲ. ಗೊತ್ತಿಲ್ಲದ ಹಣೆಪಟ್ಟಿ ಬಂದರೆ ಏನು ಮಾಡಬೇಕು ಎಂಬುದನ್ನು ಮೊದಲ ದಿನವೇ ಬರೆದಿಡಬೇಕು. ಮೇಲ್ ವಿಷಯದಲ್ಲಾದರೆ ಪತ್ರವನ್ನು ಉಳಿಸಿಕೊಂಡು ಮನುಷ್ಯರಿಗೆ ತೋರಿಸುವುದು ಸುರಕ್ಷಿತ.

ಬೂಲಿಯನ್ನಿಗೆ ಕೆಲಸವೇ ಇಲ್ಲವೆಂದಲ್ಲ. ಆರ್‌ಸ್ಪ್ಯಾಮ್‌ಡಿಯ ಉತ್ತರದಲ್ಲೇ `is_skipped` ಇದೆ: ಪರೀಕ್ಷೆಯನ್ನು ಬಿಟ್ಟುಬಿಡಲಾಯಿತೇ ಎಂಬ ಪ್ರಶ್ನೆ. ಇದಕ್ಕೆ ನಿಜಕ್ಕೂ ಎರಡೇ ಉತ್ತರ. ನಡೆದ ಸಂಗತಿಗೆ ಬೂಲಿಯನ್ ಚೆನ್ನಾಗಿ ಹೊಂದುತ್ತದೆ, ಅಭಿಪ್ರಾಯಕ್ಕೆ ಹೊಂದುವುದಿಲ್ಲ.

ಇದನ್ನೆಲ್ಲ ಕಣ್ಣಾರೆ ನೋಡಬೇಕೆಂದರೆ ಜಿಮೇಲ್‌ನ್ನು ಕಂಪ್ಯೂಟರಿನಲ್ಲಿ ತೆರೆದು, ಯಾವುದಾದರೂ ಪತ್ರದ ಬಲಗಡೆಯ ಮೂರು ಚುಕ್ಕಿ ಒತ್ತಿ, `Show original` ಆರಿಸಿ. ಮೇಲ್ಭಾಗದ ಪಟ್ಟಿಯಲ್ಲಿ SPF ಎದುರು ಒಂದು ಹಣೆಪಟ್ಟಿ ಕಾಣುತ್ತದೆ. ನಿಮ್ಮ ಸಂಸ್ಥೆಯಿಂದ ನಿಮಗೇ ಒಂದು ಪತ್ರ ಕಳಿಸಿಕೊಂಡು ನೋಡಿ. ಅಲ್ಲಿ `PASS` ಬಿಟ್ಟು ಬೇರೇನಾದರೂ ಇದ್ದರೆ ಆ ಪದವನ್ನು ಹಾಗೆಯೇ ಬರೆದುಕೊಂಡು ನಿಮ್ಮ ಮೇಲ್ ನೋಡಿಕೊಳ್ಳುವವರಿಗೆ ಕೊಡಿ. ‘ಮೇಲ್ ಹೋಗ್ತಿಲ್ಲ’ ಎಂಬ ದೂರಿಗಿಂತ ಆ ಒಂದು ಪದದಿಂದ ಅವರ ಕೆಲಸ ಬೇಗ ಮುಗಿಯುತ್ತದೆ.